ಕಲ್ಪ ಮತ್ತು ಗುಲ್ಶನ್, ಗುಲ್ಶನ್ ಮತ್ತು ಕಲ್ಪ

ರಾಗಿ ಕೊಬ್ಬರಿ ಬಿಸ್ಕತ್ತನ್ನು ಹದಕ್ಕೆ ತರಲು ಮೂರು ತಿಂಗಳು ಹಿಡಿಯಿತು. ಅದರ ಬಗ್ಗೆ ಇನ್‌ಸ್ಟಾಗ್ರಾಂನಲ್ಲಿ ನಾಲ್ಕು ಸಾಲು ಬರೆಯಲು ಹನ್ನೊಂದು ದಿನ ಹಿಡಿಯಿತು. ಬಿಸ್ಕತ್ತಿನ ವಿಷಯದಲ್ಲಿ ಒಂದು ದಿನವೂ ಜಗಳವಾಗಿರಲಿಲ್ಲ.

ಕಡೂರಿನ ಗುಲ್ಶನ್ ಬೇಕರಿ ಹುಸೇನ್ ಸಾಬರದು. ಅದರ ಇನ್‌ಸ್ಟಾಗ್ರಾಂ ಪುಟವನ್ನು ನೋಡಿಕೊಳ್ಳುವವಳು ಅವರ ಮಗಳು ಅಂಬರೀನ್. ಅಜ್ಜಂಪುರದ ಕಲ್ಪ ಮರಗಾಣ ಮಲ್ಲಿಕಾಂಬನವರದು. ಅದರ ಪುಟ ಸೊಸೆ ಅಮೂಲ್ಯಾಳ ಕೈಯಲ್ಲಿತ್ತು. ಅಂಬರೀನ್ ಮತ್ತು ಅಮೂಲ್ಯಾ ಪದವಿ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಡಾಲ್ಡಾ ಬದಲು ಗಾಣದ ಕೊಬ್ಬರಿ ಎಣ್ಣೆ ಹಾಕಿ ಬಿಸ್ಕತ್ತು ಮಾಡಿದರೆ ಹೇಗೆ ಎಂಬ ಯೋಚನೆ ಇಬ್ಬರಲ್ಲಿ ಯಾರಿಗೆ ಮೊದಲು ಬಂತು ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಆಮೇಲೆ ಅದು ಬಹಳ ಒಳ್ಳೆಯದೇ ಆಯಿತು ಅನ್ನಿಸಿತು.

ಮೊದಲ ಒಕ್ಕಣೆ ಬರೆದವಳು ಅಂಬರೀನ್. ‘ಗುಲ್ಶನ್ ಬೇಕರಿ ಹೆಮ್ಮೆಯಿಂದ ನಿಮ್ಮ ಮುಂದಿಡುತ್ತಿದೆ, ಕಲ್ಪ ಗಾಣದ ಶುದ್ಧ ಎಣ್ಣೆಯಲ್ಲಿ ಮಾಡಿದ ರಾಗಿ ಕೊಬ್ಬರಿ ಬಿಸ್ಕತ್ತು.’

ಅದನ್ನು ಓದಿದ ಅಮೂಲ್ಯಾ ಫೋನ್ ಮಾಡಿದಳು. "ಚೆನ್ನಾಗೈತೆ ಕಣೇ. ಆದ್ರೆ ಇದ್ರಲ್ಲಿ ನಾವು ಎಲ್ಲಿದ್ದೀವಿ?"

"ಅಲ್ಲೇ ಇದ್ದೀರಲ್ಲ, ಶುದ್ಧ ಎಣ್ಣೆ ಅಂತ."

"ಅದೇ ಹೇಳಿದ್ದು. ರಾಗಿಹಿಟ್ಟು, ಬೆಲ್ಲ, ಏಲಕ್ಕಿ, ನಾವು. ಜೊತೇಲಿ ಮಾಡಿದೋರು ಅಂತ ಎಲ್ಲೂ ಇಲ್ಲ, ಸಾಮಾನು ಕೊಟ್ಟೋರು ಅಂತ ಇದೆ."

ಅಂಬರೀನ್‌ಗೆ ಹೌದೆನ್ನಿಸಿತು. "ಹಂಗಾದ್ರೆ ನೀನೇ ಬರಿ" ಎಂದಳು.

ಎರಡನೆಯ ಒಕ್ಕಣೆ ಅಮೂಲ್ಯಾಳದು. ‘ಕಲ್ಪ ಮರಗಾಣದ ಬಹುದಿನದ ಕನಸು, ಈಗ ಗುಲ್ಶನ್ ಬೇಕರಿಯ ಒಲೆಯಲ್ಲಿ ಬೆಂದು ಬಂದಿದೆ.’ ಅದನ್ನು ಓದಿದ ಅಂಬರೀನ್ ಒಂದೇ ಸಾಲು ಕಳಿಸಿದಳು: "ನಾನು ನಿನ್ನನ್ನ ಎಣ್ಣೆ ಮಾಡಿದ್ದೆ, ನೀನು ನನ್ನನ್ನ ಒಲೆ ಮಾಡಿಬಿಟ್ಟೆ."

ಹಿರಿಯರನ್ನು ಒಂದು ಮಾತು ಕೇಳೋಣ ಎಂದು ಇಬ್ಬರಿಗೂ ಹೊಳೆದದ್ದು ಆಗ. ಮಲ್ಲಿಕಾಂಬ ಎಣ್ಣೆ ಡಬ್ಬಿಗಳ ಜೊತೆ ಸೊಸೆಯನ್ನೂ ಕರೆದುಕೊಂಡು ಕಡೂರಿಗೆ ಬಂದರು. ಬೇಕರಿಯ ಹಿಂದಿನ ಕೋಣೆಯಲ್ಲಿ, ಬ್ರೆಡ್ಡಿನ ತಟ್ಟೆಗಳ ನಡುವೆ, ಅವರಿಗೊಂದು ಕುರ್ಚಿ ಹಾಕಿದರು. ಹುಸೇನ್ ಸಾಬರು ನಿಂತೇ ಇದ್ದರು.

"ಇದ್ರಲ್ಲಿ ಕೇಳೋದೇನೈತೆ? ಅಮ್ಮಾವ್ರ ಗಾಣದ ಹೆಸ್ರು ಮೊದ್ಲು ಬರೀರಿ. ಎಣ್ಣೆ ಇಲ್ದೆ ಬಿಸ್ಕತ್ತೆಲ್ಲಿ?" ಎಂದರು ಹುಸೇನ್ ಸಾಬರು.

"ಅಯ್ಯೋ, ಬಿಡ್ತು ಅನ್ನಿ ಸಾಬ್ರೇ. ನಲವತ್ತು ವರ್ಷದ ಬೇಕರಿ ನಿಮ್ದು. ನಮ್ದು ನಿನ್ನೆ ಮೊನ್ನೇದು. ನಿಮ್ಮ ಹೆಸ್ರೇ ಮುಂದಿರ್ಬೇಕು" ಎಂದರು ಮಲ್ಲಿಕಾಂಬ.

"ಸಾಧ್ಯವೇ ಇಲ್ಲ."

"ನಾನು ಒಪ್ಪೋದೇ ಇಲ್ಲ."

ಹೀಗೆ ಕಾಲು ಗಂಟೆ ನಡೆಯಿತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೊಡ್ಡ ಮನಸ್ಸಿನವರ ನಡುವೆ ತಾವು ಮಾತ್ರ ಸಣ್ಣವರಾದೆವಲ್ಲ ಎಂದು ಅಂಬರೀನ್‌ಗೆ ನಾಚಿಕೆಯೂ ಆಯಿತು.

ಆದರೆ ಮಲ್ಲಿಕಾಂಬ ಬಸ್ಸು ಹತ್ತಿ ಕೂತು, ಸೆರಗು ಸರಿಮಾಡಿಕೊಂಡು, ಬೀರೂರು ಬರುವ ಮುಂಚೆಯೇ ಸೊಸೆಯ ಕಡೆ ತಿರುಗಿದರು. "ಮಾತಿಗೆ ಅಂದೆ ಕಣೇ. ಅವ್ರು ಇನ್ನೊಂದ್ಸಲ ಬಲವಂತ ಮಾಡ್ತಾರೆ ಅನ್ಕೊಂಡೆ. ನೀನು ನೋಡ್ಕೊ, ನಮ್ದೇ ಮೊದ್ಲು ಬರ್ಲಿ."

ಅದೇ ಹೊತ್ತಿಗೆ ಸರಿಯಾಗಿ ಹುಸೇನ್ ಸಾಬರು ಕಡೂರಿನಲ್ಲಿ ಮಗಳನ್ನು ಕರೆದು ಮೆಲ್ಲಗೆ ಹೇಳಿದರು. "ಮನೆಗೆ ಬಂದೋರ ಎದುರಿಗೆ ಬೇರೆ ಏನು ಹೇಳಾಕಾಗುತ್ತೆ ಬೇಟಿ? ನಲವತ್ತು ವರ್ಷದ್ದು ಅಂತ ಅವರೇ ಒಪ್ಪಿಕೊಂಡ್ರಲ್ಲ."

ಆ ರಾತ್ರಿಯ ಫೋನಿನಲ್ಲಿ ಗೆಳತಿಯರು ಇದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ನಗು ನಿಂತ ಮೇಲೂ ಸಮಸ್ಯೆ ಅಲ್ಲೇ ಇತ್ತು. ಉಪಾಯ ಹೇಳಿದವಳು ಅಂಬರೀನ್. ಇಬ್ಬರ ಪುಟದಲ್ಲೂ ಒಂದೇ ಪೋಸ್ಟ್ ಕಾಣುವಂತೆ ಜಂಟಿಯಾಗಿ ಹಾಕಬಹುದು. ಒಬ್ಬರು ಹಾಕಿ ಇನ್ನೊಬ್ಬರಿಗೆ ಆಹ್ವಾನ ಕಳಿಸಬೇಕು, ಅವರು ಒಪ್ಪಿಕೊಂಡರೆ ಚಿತ್ರದ ಮೇಲ್ಗಡೆ ಇಬ್ಬರ ಹೆಸರೂ ಬರುತ್ತದೆ. ಹಾಕಿದವರದು ಮುಂದೆ, ಒಪ್ಪಿಕೊಂಡವರದು ಹಿಂದೆ. "ನಾನು ಹಾಕ್ತೀನಿ. ಮೇಲ್ಗಡೆ ಗುಲ್ಶನ್ ಮೊದ್ಲು. ಕೆಳಗೆ ಒಕ್ಕಣೇಲಿ ಕಲ್ಪ ಮೊದ್ಲು. ಅಬ್ಬಾಗೆ ಮೇಲಿಂದು ತೋರಿಸ್ತೀನಿ, ನೀನು ಅತ್ತೆಗೆ ಕೆಳಗಿಂದು ತೋರ್ಸು. ಯಾರಿಗೂ ಸುಳ್ಳು ಹೇಳ್ದಂಗೆ ಆಗಲ್ಲ."

ಅಲ್ಲಿಂದ ಮುಂದೆ ಕೆಲಸ ಅಕ್ಕಸಾಲಿಗರ ತಕ್ಕಡಿಯ ಹಾಗೆ ನಡೆಯಿತು. ಒಕ್ಕಣೆಯಲ್ಲಿ ಮೊದಲೆರಡು ಸಾಲು ಮಾತ್ರ ಕಾಣುತ್ತದೆ, ಮಿಕ್ಕಿದ್ದಕ್ಕೆ ಒತ್ತಿ ನೋಡಬೇಕು. ಹಾಗಾಗಿ ಎರಡೂ ಹೆಸರು ಮೊದಲ ಸಾಲಿನಲ್ಲೇ ಬರಬೇಕಿತ್ತು. ನಡುವೆ ಗುಣಾಕಾರದ ಗುರುತು ಹಾಕಿ ಮಲ್ಲಿಕಾಂಬನವರಿಗೆ ತೋರಿಸಿದಾಗ ಅವರು, "ಇದ್ಯಾಕೆ ಮಧ್ಯದಲ್ಲಿ ತಪ್ಪು ಹಾಕೀರಿ?" ಎಂದು ಕೇಳಿದರು. ಅದು ಹೋಗಿ ‘ಮತ್ತು’ ಬಂತು. ‘ಕಲ್ಪ ಮರಗಾಣ ಎಣ್ಣೆ ಉದ್ಯಮ’ ಎಂಬುದು ‘ಗುಲ್ಶನ್ ಬೇಕರಿ’ಗಿಂತ ಎರಡರಷ್ಟು ಉದ್ದವಿತ್ತು. ಮರಗಾಣವೂ ಉದ್ಯಮವೂ ಹೋದವು. ಹಾಗಿದ್ದ ಮೇಲೆ ಬೇಕರಿ ಎಂಬ ಮಾತೂ ಹೋಗಬೇಕಾಯಿತು. ಹೆಸರಿನಲ್ಲಿ ಕಲ್ಪ ಮೊದಲು ಬಂದದ್ದರಿಂದ ಊರಿನಲ್ಲಿ ಕಡೂರು ಮೊದಲು ಬಂತು. ಯಾರ ಫೋನ್ ನಂಬರ್ ಮೇಲೆ ಹಾಕಬೇಕು ಎಂದು ತೀರ್ಮಾನವಾಗದೆ ಎರಡನ್ನೂ ಬಿಟ್ಟರು. ‘ಎಣ್ಣೆ’ ಎಂದರೆ ಕಲ್ಪ, ‘ಬೇಯಿಸಿದ್ದು’ ಎಂದರೆ ಗುಲ್ಶನ್ ಎಂದು ಬಿಡಿಸಿ ಹೇಳಿದರೆ ಮತ್ತೆ ತಕ್ಕಡಿ ವಾಲುತ್ತಿತ್ತು, ಅದನ್ನೂ ಕೂಡಿಸಿಬಿಟ್ಟರು. ಕೊನೆಗೆ ಉಳಿದದ್ದು ಇಷ್ಟು:

‘ಕಲ್ಪ ಮತ್ತು ಗುಲ್ಶನ್. ಕಡೂರು ಮತ್ತು ಅಜ್ಜಂಪುರ. ಗಾಣವೂ ನಮ್ಮದೇ, ಒಲೆಯೂ ನಮ್ಮದೇ. ಇಬ್ಬರೂ ಕೂಡಿ ಮಾಡಿದ ರಾಗಿ ಕೊಬ್ಬರಿ ಬಿಸ್ಕತ್ತು ಇಂದಿನಿಂದ ನಿಮ್ಮದು.’

ಇದಕ್ಕಿಂತ ಸಮನಾದ ನಾಲ್ಕು ಸಾಲು ಎರಡೂ ತಾಲ್ಲೂಕುಗಳಲ್ಲಿ ಯಾರೂ ಬರೆದಿರಲಾರರು ಎಂದು ಇಬ್ಬರಿಗೂ ಖಾತ್ರಿಯಾಗಿತ್ತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂಬರೀನ್ ಪೋಸ್ಟ್ ಹಾಕಿ ಆಹ್ವಾನ ಕಳಿಸಿದಳು. ಅಮೂಲ್ಯಾ ಆ ಹೊತ್ತಿಗೆ ಗಾಣದ ಹತ್ತಿರ ಹಿಂಡಿ ಬಾಚುತ್ತಿದ್ದಳು. ಫೋನು ಮನೆಯೊಳಗೆ ಚಾರ್ಜಿಗಿತ್ತು. ತಮ್ಮ ಫೋನಿನಲ್ಲಿ ಅದನ್ನು ಮೊದಲು ನೋಡಿದವರು ಮಲ್ಲಿಕಾಂಬ. ಮೇಲ್ಗಡೆ ಗುಲ್ಶನ್ ಹೆಸರು ಒಂದೇ ಇತ್ತು. ಅವರು ಕೆಳಗಿನದನ್ನು ಓದುವ ಗೋಜಿಗೆ ಹೋಗದೆ ನೆಟ್ಟಗೆ ಹುಸೇನ್ ಸಾಬರಿಗೇ ಫೋನ್ ಮಾಡಿದರು.

"ಸಾಬ್ರೇ, ನಿಮ್ಮ ಹೆಸ್ರು ಮೊದ್ಲು ಬರ್ಲಿ ಅಂದಿದ್ದು ಹೌದು. ನಮ್ದು ಬರ್ಲೇಬಾರ್ದು ಅಂದಿದ್ನೇ?"

ಹುಸೇನ್ ಸಾಬರಿಗೆ ತಲೆಬುಡ ತಿಳಿಯಲಿಲ್ಲ. ಅವರು ಮಗಳನ್ನು ಕೂಗಿದರು. ಮಗಳು ಅಮೂಲ್ಯಾಳಿಗೆ ಏಳು ಸಲ ಫೋನ್ ಮಾಡಿದಳು. ಅಮೂಲ್ಯಾ ಎಣ್ಣೆ ಕೈ ಒರೆಸಿಕೊಂಡು ಬಂದು ಆಹ್ವಾನ ಒಪ್ಪಿಕೊಳ್ಳುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು.

"ಈಗ ನೋಡಿ ಅತ್ತೆ. ಮೇಲೆ ಇಬ್ರದೂ ಐತೆ. ಕೆಳಗೆ ನಮ್ದೇ ಮೊದ್ಲು."

ಮಲ್ಲಿಕಾಂಬ ಕನ್ನಡಕ ಹಾಕಿಕೊಂಡು ನೋಡಿದರು. "ಹೂಂ" ಎಂದರು. ಹುಸೇನ್ ಸಾಬರಿಗೆ ಮತ್ತೆ ಫೋನ್ ಮಾಡಿ, "ನಮ್ಮ ಹೆಸ್ರು ಯಾಕೆ ಹಾಕ್ಸೋಕೆ ಹೋದ್ರಿ ಸಾಬ್ರೇ, ಬೇಡ ಅಂದಿದ್ನಲ್ಲ" ಎಂದರು.

ಸಂಜೆಯ ಹೊತ್ತಿಗೆ ಪೋಸ್ಟ್ ಎರಡೂ ಪುಟದವರನ್ನು ದಾಟಿ ಬೀರೂರು, ತರೀಕೆರೆ, ಚೌಳಹಿರಿಯೂರಿನವರೆಗೂ ಹೋಗಿತ್ತು. ಕಾಮೆಂಟುಗಳ ಮೇಲೆ ಕಾಮೆಂಟು. ‘ಎಲ್ಲಿ ಸಿಗುತ್ತೆ?’ ‘ರೇಟು ಎಷ್ಟು?’ ‘ನಂಬರ್ ಹಾಕಿ ಸ್ವಾಮಿ.’ ಯಾರದು ಮೊದಲು, ಯಾರದು ಕೊನೆ ಎಂದು ಒಬ್ಬರೂ ಕೇಳಿರಲಿಲ್ಲ. ಗೆಳತಿಯರು ಕೂತು ಒಂದೊಂದಕ್ಕೂ ಉತ್ತರ ಬರೆದರು. ಒಂದಕ್ಕೆ ಅಂಬರೀನ್, ಒಂದಕ್ಕೆ ಅಮೂಲ್ಯಾ, ಲೆಕ್ಕ ತಪ್ಪದ ಹಾಗೆ.

ಬುಧವಾರ ಯಗಟಿಯ ಈರಭದ್ರಪ್ಪ ಎಂಬ ರೈತರು ಎರಡು ಚೀಲ ಕೊಬ್ಬರಿಯನ್ನು ಆಟೋದಿಂದ ಇಳಿಸಿ ಗುಲ್ಶನ್ ಬೇಕರಿಯ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು.

"ಎಣ್ಣೆ ಆಡಿಸ್ಬೇಕಿತ್ತು."

ಹುಸೇನ್ ಸಾಬರು ಪಫ್ಸ್ ಕಟ್ಟುತ್ತಿದ್ದವರು ತಲೆಯೆತ್ತಿದರು. "ಇಲ್ಲಿ ಗಾಣ ಇಲ್ಲ ಯಜಮಾನ್ರೇ. ಇದು ಬೇಕರಿ."

ಈರಭದ್ರಪ್ಪ ಫೋನು ತೆಗೆದು ತೋರಿಸಿದರು. "ಕಲ್ಪ, ಕಡೂರು ಅಂತ ಬರ್ದೀರಿ. ಗಾಣವೂ ನಮ್ಮದೇ ಅಂತ ನೀವೇ ಹಾಕೀರಿ. ಬಸ್ ಸ್ಟ್ಯಾಂಡಲ್ಲಿ ಈ ಬಿಸ್ಕತ್ತಿನ ಫೋಟೋ ತೋರ್ಸಿದ್ರೆ ಇದೇ ಅಂಗ್ಡಿ ಅಂದ್ರು. ಈಗ ಇಲ್ಲ ಅಂದ್ರೆ ಹೆಂಗ್ರೀ?"

ಹುಸೇನ್ ಸಾಬರು ಓದಿದರು. ಇನ್ನೊಮ್ಮೆ ಓದಿದರು. ಸೋಮವಾರದಿಂದ ಹತ್ತು ಸಲ ಕಣ್ಣಾಡಿಸಿದ್ದ ಸಾಲುಗಳನ್ನು ಅವರು ಪರರ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಈರಭದ್ರಪ್ಪನವರನ್ನು ಕೂರಿಸಿ, ಟೀ ಕೊಟ್ಟು, ಅಜ್ಜಂಪುರಕ್ಕೆ ಫೋನ್ ಮಾಡಿದರು.

ಆ ಕಡೆ ಮಲ್ಲಿಕಾಂಬ ಅವರದೇ ಫೋನಿಗೆ ಕಾದಿದ್ದ ಹಾಗೆ ಎತ್ತಿದರು. "ಸಾಬ್ರೇ, ಒಂದು ಪೇಚಾಟ ಆಗೈತೆ. ಅನುಪಮಾ ಅಂತ ಟೀಚರು ಬಂದಿದ್ರು. ಗುಲ್ಶನ್ ಬೇಕರಿ ಅಜ್ಜಂಪುರಕ್ಕೂ ಬಂತಾ, ಭಾನುವಾರಕ್ಕೆ ಮಗಳ ಹುಟ್ಟಿದಬ್ಬಕ್ಕೆ ಎರಡು ಕೆಜಿ ಕೇಕ್ ಬೇಕು ಅಂದ್ರು. ಇಲ್ಲ ಅನ್ನೋಕೆ ನಂಗೆ ಬಾಯೇ ಬರ್ಲಿಲ್ಲ. ಆಯ್ತಮ್ಮ ಅಂದ್ಬಿಟ್ಟೆ."

"ಬಿಡಿ, ಮಾಡಿ ಕಳಿಸ್ತೀನಿ. ಯಾವ ಕೇಕು?"

"ಅದೇನೋ ಕಪ್ಪಂದು."

"ಬ್ಲ್ಯಾಕ್ ಫಾರೆಸ್ಟು. ಇಲ್ಲಿ ನಿಮ್ಮ ಗಿರಾಕಿ ಎರಡು ಚೀಲ ಕೊಬ್ಬರಿ ತಂದು ಕೂತವ್ರೆ."

ಮಲ್ಲಿಕಾಂಬ ನಕ್ಕರು. ಈ ಕಡೆ ಹುಸೇನ್ ಸಾಬರೂ ನಕ್ಕರು, ಗಡ್ಡದಲ್ಲಿದ್ದ ಮೈದಾ ಉದುರುವಷ್ಟು. ಈರಭದ್ರಪ್ಪ ಮಾತ್ರ ನಗಲಿಲ್ಲ. ಅವರಿಗೆ ಮೂರೂವರೆಯ ಬಸ್ಸಿತ್ತು.

ಕೊಬ್ಬರಿ ಚೀಲ ಅಂದೇ ಎಣ್ಣೆಯ ಖಾಲಿ ಡಬ್ಬಿಗಳ ಜೊತೆ ಅಜ್ಜಂಪುರಕ್ಕೆ ಹೋಯಿತು. ಚೀಲ ಹೊರಡುವ ಮುಂಚೆಯೇ ಹುಸೇನ್ ಸಾಬರು ಮಗಳಿಗೆ ಖಡಾಖಂಡಿತವಾಗಿ ಹೇಳಿದರು. "ಗಾಣ ಅವರದು, ಅಜ್ಜಂಪುರದಲ್ಲಿ ಅಂತ ಬರಿ. ನಮ್ದು ಬರೀ ಬೇಕರಿ ಅಂತ ಬರಿ. ಮೊದ್ಲು ಯಾವುದಾದ್ರೂ ಬರ್ಲಿ." ಮಲ್ಲಿಕಾಂಬ ಸೊಸೆಗೆ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ, ಕೊನೆಯ ಮಾತೊಂದನ್ನು ಬಿಟ್ಟು.

ಆ ಪೋಸ್ಟಿನ ಒಕ್ಕಣೆ ತಿದ್ದಲು ಹಾಕಿದವರಿಗೆ ಮಾತ್ರ ಬರುತ್ತದೆ. ಅಮೂಲ್ಯಾ ಫೋನಿನಲ್ಲಿ ಹೇಳುತ್ತಾ ಹೋದಳು, ಅಂಬರೀನ್ ಬರೆಯುತ್ತಾ ಹೋದಳು. ಹೆಸರಿನ ಪಕ್ಕ ಊರು, ಊರಿನ ಪಕ್ಕ ಕೆಲಸ, ಕೆಲಸದ ಪಕ್ಕ ಫೋನ್ ನಂಬರ್. ಎಣ್ಣೆ ಬೇಕಾದವರು ಇಲ್ಲಿಗೆ, ಕೇಕು ಬೇಕಾದವರು ಅಲ್ಲಿಗೆ, ಬಿಸ್ಕತ್ತು ಎರಡೂ ಕಡೆ. ಒಂದು ಸಾಲು ಉದ್ದ, ಒಂದು ಸಾಲು ಗಿಡ್ಡ. ಯಾರೂ ಅಕ್ಷರ ಎಣಿಸಲಿಲ್ಲ. ಐದು ನಿಮಿಷದಲ್ಲಿ ಮುಗಿಯಿತು.

"ಒಂದ್ಸಲ ಓದು" ಎಂದಳು ಅಮೂಲ್ಯಾ.

ಅಂಬರೀನ್ ಓದಿದಳು.

"ಚೆನ್ನಾಗೈತೆ ಕಣೇ" ಎಂದ ಅಮೂಲ್ಯಾ ಸೇರಿಸಿದಳು, "ಬೆಲೇನೂ ಹಾಕ್ಬಿಡು. ಇಲ್ಲಾಂದ್ರೆ ಅದನ್ನ ಕೇಳೋಕೊಬ್ರು ಬಸ್ ಹತ್ಕೊಂಡು ಬರ್ತಾರೆ."