ಗುಬ್ಬಿಯ ಗುಂಡಿಗಳು

ದರ್ಜಿ ಹೆಂಗಸಿನ ಮಗಳನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಒಮ್ಮೆ ಗಟ್ಟಿ ಮಲ ಹೋಗುವಾಗ ಚರ್ಮ ಹರಿದು ರಕ್ತ ಬಂದಿತ್ತು. ಅಂದಿನಿಂದ ಹೊಟ್ಟೆ ಒತ್ತಿದರೆ ಸಾಕು, ಹೊಲಿಗೆ ಯಂತ್ರದ ಹಿಂದೆ ಹೋಗಿ ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು ಬಿಗಿಹಿಡಿಯುವಳು. ಹಿಡಿದಷ್ಟೂ ಅದು ಗಟ್ಟಿ; ಗಟ್ಟಿಯಾದಷ್ಟೂ ನೋವು; ನೋವಾದಷ್ಟೂ ಇವಳ ಹಿಡಿತ ಜಾಸ್ತಿ.

ಮಕ್ಕಳ ಡಾಕ್ಟರಮ್ಮ ಔಷಧಿ ಕೊಟ್ಟು ಮೊದಲು ಹೊಟ್ಟೆ ಖಾಲಿ ಮಾಡಿಸಿದರು. ಆಮೇಲೆ ಮಲ ಮೆತ್ತಗಿಡುವ ಪುಡಿ ಬರೆದುಕೊಟ್ಟರು. "ಊಟ ಆದ್ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಕಾಲ ಕೆಳಗೆ ಮಣೆ ಇಡಿ. ಬರಲಿ ಬಿಡಲಿ, ಕೂತಿದ್ದಕ್ಕೇ ಏನಾದ್ರೂ ಕೊಡಿ. ಚಡ್ಡಿ ಕೊಳೆಯಾದ್ರೂ ಬೈಬೇಡಿ. ಪುಡಿ ಮಾತ್ರ ನಾನು ಹೇಳೋ ತನಕ ನಿಲ್ಲಿಸ್ಬೇಡಿ."

ದರ್ಜಿಯ ಮನೆಯಲ್ಲಿ ಅಂಗಿಯ ಗುಂಡಿಗೇನು ಬರ? ಕೂತಾಗಲೆಲ್ಲ ಡಬ್ಬಿಯಿಂದ ಇಷ್ಟವಾದ ಗುಂಡಿ ಆರಿಸಿ ದಾರಕ್ಕೆ ಪೋಣಿಸುವುದು. ಗುಬ್ಬಿಗೆ ಅದರದೇ ಹುಚ್ಚು ಹಿಡಿಯಿತು. ಉಂಡು ಕೈತೊಳೆದವಳೇ ಮಣೆ ಎಳೆದುಕೊಂಡು ಪಾಯಿಖಾನೆಗೆ ಹೊರಡುವಳು. ಒಂದು ದಿನ ಒಳಗಿನಿಂದಲೇ ಕೂಗಿ ಹೇಳಿದಳು, "ಅಮ್ಮಾ, ಇವತ್ತು ಕಚ್ಚಲೇ ಇಲ್ಲ, ನೋವೇ ಆಗ್ಲಿಲ್ಲ."

ಅಷ್ಟಕ್ಕೇ ತಾಯಿ ಗೆದ್ದೆನೆಂದು ಬೀಗಿದಳು. ಡಾಕ್ಟರಮ್ಮನನ್ನು ಒಂದು ಮಾತೂ ಕೇಳದೆ ಪುಡಿ ನಿಲ್ಲಿಸಿದಳು. ಗುಬ್ಬಿ ಮತ್ತೆ ಯಂತ್ರದ ಹಿಂದೆ ನಿಲ್ಲತೊಡಗಿದಳು. ಕೈತುಂಬ ಹೊಲಿಗೆಯಿದ್ದ ತಾಯಿಗೆ ತಿರುಗಿ ನೋಡಲು ಪುರುಸೊತ್ತೆಲ್ಲಿ?

ಗಿರಾಕಿಯೊಬ್ಬಳು ಮಗಳನ್ನು ಕರೆದುಕೊಂಡು ಬಂದಾಗ, ಹೊಲಿದಿಟ್ಟ ಅವರ ಬಿಳಿ ಫ್ರಾಕಿನ ಮೇಲೆ ಗುಬ್ಬಿ ಕೂತಿದ್ದಳು. ಎಬ್ಬಿಸಿದರೆ ಕೆಳಗೆ ಕಂದು ಕಲೆ. ಗಿರಾಕಿ ಮೂಗು ಮುಚ್ಚಿಕೊಂಡು ನಕ್ಕಳು. "ಇಷ್ಟು ದೊಡ್ಡವಳಾಗಿ ಇದೇನೇ ಅಸಹ್ಯ?"

ತಾಯಿಗೆ ಮೈಯೆಲ್ಲ ಉರಿದುಹೋಯಿತು. ಮೊಳೆಗೆ ತೂಗುಹಾಕಿದ್ದ ಗುಂಡಿಯ ಸರವನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿ, ಅಷ್ಟನ್ನೂ ಗಿರಾಕಿಯ ಮಗಳ ಬೊಗಸೆಗೆ ಸುರಿದಳು. "ತಗೋ ಮರಿ. ಇದೆಲ್ಲ ಜಾಣೆಯರಿಗೆ." ಗುಬ್ಬಿ ಅಳಲಿಲ್ಲ. ಪಾಪದ ಕೂಸು, ತನ್ನ ಗುಂಡಿಗಳು ಬಾಗಿಲು ದಾಟುವವರೆಗೂ ನೋಡುತ್ತಲೇ ಇತ್ತು.

ಮುಂದೆ ಹೊಟ್ಟೆ ಕಲ್ಲಾಯಿತು, ಊಟ ಸೇರದಾಯಿತು. ಪುಡಿ ನಿಲ್ಲಿಸಿದ್ದು, ಫ್ರಾಕು, ಗುಂಡಿ ಎಲ್ಲವನ್ನೂ ತಾಯಿ ಹೇಳಿದ ಮೇಲೆ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. "ಬೇಕಂತ ಮಾಡಿದ್ದಲ್ಲ ಕಣಮ್ಮ. ಒಳಗೆ ಗಟ್ಟಿಯಾಗಿ ಕೂತಿದೆ. ಅದರ ಪಕ್ಕದಿಂದ ನೀರಾಗಿ ಜಾರಿದೆ, ಅವಳಿಗೆ ಗೊತ್ತೇ ಆಗಿರಲ್ಲ. ಕೊಟ್ಟಿದ್ದನ್ನ ಯಾಕೆ ಕಿತ್ಕೊಂಡ್ರಿ? ಈಗ ಎಲ್ಲಾ ಮೊದಲಿಂದ."

ಔಷಧಿ ಮತ್ತೆ ಶುರುವಾಯಿತು, ಮಣೆಯೂ ಬಂತು. ಗುಬ್ಬಿ ಹೇಳಿದ ಕಡೆ ಹೋಗಿ ಕೂತಳು, ಹೇಳಿದಾಗ ಎದ್ದಳು. ತಾಯಿ ಡಬ್ಬಿಯಲ್ಲೇ ಚೆಂದದ, ಮುತ್ತಿನಂಥ ಗುಂಡಿಯನ್ನು ಹುಡುಕಿ ಅವಳ ಅಂಗೈಯಲ್ಲಿಟ್ಟಳು.

ಗುಬ್ಬಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಡಬ್ಬಿಗೇ ಹಾಕಿ ಮುಚ್ಚಳ ಒತ್ತಿದಳು.

"ಇದೂ ಆ ಜಾಣೆಗೇ ಇರಲಿ ಅಮ್ಮ" ಎಂದು ಯಂತ್ರದ ಹಿಂದೆ ಹೋಗಿ, ಕಾಲು ಹೆಣೆದುಕೊಂಡು ನಿಂತಳು.