ಆರು ಗಂಟೆಗೆ ಬಾರದ ಸಾವಿನ ಸುದ್ದಿ

ನದಿ ದಡದ ಸಾಲ್ಟೊ ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮೊದಲು ತಿಳಿಯುವುದು ಪಾದ್ರಿಗೆ, ಆಮೇಲೆ ನಿಲ್ದಾ ಫಾಗುಂದೆಸ್‌ಗೆ. ಬೇಕರಿಯ ಮಾಳಿಗೆ ಮೇಲಿನ ಒಂದು ಕೋಣೆಯಲ್ಲಿ ಕೂತು ಅವಳೊಬ್ಬಳೇ 'ಲಾ ರಿಬೆರಾ' ಎಂಬ ಜಾಲತಾಣ ನಡೆಸುತ್ತಿದ್ದಳು. ನದಿಯ ನೀರಿನ ಮಟ್ಟ, ಕಿತ್ತಳೆಯ ಧಾರಣೆ, ಊರ ಆಟದ ಫಲಿತಾಂಶ, ಎಲ್ಲಕ್ಕಿಂತ ಹೆಚ್ಚಾಗಿ ಸಾವಿನ ಸುದ್ದಿ. ಅಲ್ಲಿ ಸತ್ತವರನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮಣ್ಣು ಮಾಡುತ್ತಾರೆ. ಆದ್ದರಿಂದ ಬೆಳಗ್ಗೆ ಆರಕ್ಕೆ ಮಾಟೆ ಕಷಾಯ ಹೀರುತ್ತಾ ಆ ಪುಟ ನೋಡುವುದು ನದಿಯ ಎರಡೂ ದಡದ ಮುದುಕರಿಗೆ ಹಲ್ಲುಜ್ಜಿದಷ್ಟೇ ರೂಢಿ.

ಆ ಮಂಗಳವಾರ ಸಂಜೆ ದೆಲ್ಮಿರಾ ಸೆಕೇರಾ ಮೆಟ್ಟಿಲು ಹತ್ತಿ ಬಂದಳು. ಎಪ್ಪತ್ತು ದಾಟಿದ ಹೆಂಗಸು, ಕಣ್ಣು ಒಣಗಿಯೇ ಇತ್ತು. ನಾಲ್ಕು ಗಂಟೆಗೆ ಗಂಡ ಎಲಾದಿಯೊ ಹೋಗಿಬಿಟ್ಟಿದ್ದ. ನಲವತ್ತು ವರ್ಷ ನದಿಯಲ್ಲಿ ಲಾಂಚು ನಡೆಸಿದವನು. ನಾಳೆ ಹತ್ತಕ್ಕೆ ಮಣ್ಣು ಎಂದಳು. ಮಗ ಹೆಬರ್ ಮಾಂಟೆವಿಡಿಯೊದಿಂದ ರಾತ್ರಿ ಬಸ್ಸಿಗೆ ಹೊರಟಿದ್ದಾನೆ, ಅಪ್ಪನಿಗೆ ಹುಷಾರಿಲ್ಲ ಎಂದಷ್ಟೇ ಅವನಿಗೆ ಹೇಳಿರುವುದು, ಬೆಳಗ್ಗೆ ಐದೂವರೆಗೆ ಇಳಿದಾಗ ತಾನೇ ಬಾಯಾರೆ ಹೇಳಬೇಕು, ಬಸ್ಸಿನಲ್ಲಿ ಕೂತು ಫೋನಿನಲ್ಲಿ ಓದಬಾರದು, ಆದ್ದರಿಂದ ಸುದ್ದಿ ಆರಕ್ಕೆ ಮುಂಚೆ ಹೊರಬೀಳಬಾರದು ಎಂದಳು.

ಅದರಲ್ಲೇನೂ ಕಷ್ಟವಿರಲಿಲ್ಲ. ಈಗಲೇ ಬರೆದಿಟ್ಟು, ಇಂಥ ಗಂಟೆ ಇಂಥ ನಿಮಿಷಕ್ಕೆ ಪ್ರಕಟಿಸು ಎಂದು ಹೇಳಿದರೆ ಯಂತ್ರ ತಾನೇ ಪ್ರಕಟಿಸುತ್ತದೆ. ನಿಲ್ದಾ ವರ್ಷಗಳಿಂದ ಹಾಗೇ ಮಾಡುತ್ತಿದ್ದಳು. ಅವಳು ಕೀಲಿಮಣೆಯ ಮೇಲೆ ಬೆರಳಾಡಿಸುತ್ತಾ ದುಃಖತಪ್ತರ ಹೆಸರು ಕೇಳಿದಳು: ಹೆಂಡತಿ, ಮಗ, ಸೊಸೆ, ಮೊಮ್ಮಕ್ಕಳು. ದೆಲ್ಮಿರಾ ಹೇಳಿ ಮುಗಿಸಿ ಎದ್ದವಳು, ಬಾಗಿಲ ಹತ್ತಿರ ನಿಂತಳು.

"ತಮ್ಮ ಅನಿಬಾಲ್ ಅಂತಾನೂ ಹಾಕು."

ನಿಲ್ದಾಳ ಕೈ ನಿಂತಿತು. ಊರಿಗೆಲ್ಲ ಗೊತ್ತಿದ್ದ ವಿಷಯ ಅದು. ಎಲಾದಿಯೊನ ತಮ್ಮ ಅನಿಬಾಲ್ ಆಚೆ ದಡದ ಕೊಂಕಾರ್ದಿಯಾದಲ್ಲಿ ಮದುವೆಯಾಗಿ ಅಲ್ಲೇ ನೆಲೆಸಿದವನು. ಹದಿನಾಲ್ಕು ವರ್ಷದ ಹಿಂದೆ, ಹೊಳೆ ಏರಿ ಲಾಂಚು ನಿಂತ ವಾರದಲ್ಲಿ, ಇಬ್ಬರ ತಾಯಿ ತೀರಿಕೊಂಡಿದ್ದಳು. ಅನಿಬಾಲ್ ಮಣ್ಣಿಗೆ ಬರಲಿಲ್ಲ. ಸುದ್ದಿ ನನಗೆ ಮಾರನೇ ದಿನ ಮುಟ್ಟಿತು ಎಂದು ಅವನು ಅಂದ. ಎಲಾದಿಯೊ ನಂಬಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ.

"ಫೋನ್ ಮಾಡಿ ಹೇಳ್ಬಹುದಲ್ಲ ಅಮ್ಮಾ?" ಎಂದಳು ನಿಲ್ದಾ.

"ಅವನ ನಂಬರ್ ನನ್ನತ್ರ ಇಲ್ಲ. ಇದ್ದಿದ್ರೂ ಕೈ ಮುಗಿದು ಕರೆಯೋಳಲ್ಲ ನಾನು. ದಿನಾ ಬೆಳಗ್ಗೆ ನಿನ್ನ ಪುಟ ಓದ್ತಾನಂತೆ, ಲಾಂಚಿನವರು ಹೇಳ್ತಾರೆ. ಓದ್ಲಿ. ತನ್ನ ಹೆಸರು ನೋಡ್ಲಿ. ಬರೋ ಮನಸ್ಸಿದ್ರೆ ಎಂಟು ಗಂಟೆ ಲಾಂಚಿಗೆ ಬರ್ತಾನೆ."

ನಿಲ್ದಾ ಹೆಸರು ಸೇರಿಸಿದಳು. ಬುಧವಾರ, ಬೆಳಗ್ಗೆ ಆರು ಗಂಟೆ, ಸೊನ್ನೆ ನಿಮಿಷ ಎಂದು ಇಟ್ಟಳು. 'ನಿಗದಿಯಾಗಿದೆ' ಎಂದು ಪರದೆ ಹೇಳಿತು. ದೆಲ್ಮಿರಾಗೂ ತೋರಿಸಿದಳು. ಮುದುಕಿ ತಲೆಯಾಡಿಸಿ ಇಳಿದು ಹೋದಳು.

ಬುಧವಾರ ನಿಲ್ದಾಳ ತಾಯಿಗೆ ಡಯಾಲಿಸಿಸ್ ದಿನ. ಐದೂವರೆಗೆ ತಾಯಿಯನ್ನು ಎಬ್ಬಿಸಿ, ಸ್ವೆಟರ್ ತೊಡಿಸಿ, ಆಸ್ಪತ್ರೆಗೆ ಕರೆದೊಯ್ದು, ಸೂಜಿ ಚುಚ್ಚುವಾಗ ಕೈ ಹಿಡಿದುಕೊಂಡು ಕೂತಳು. ಜೇಬಿನಲ್ಲಿ ಫೋನು ಇತ್ತು. ತೆಗೆದು ನೋಡಬಹುದಿತ್ತು. ಒಲೆಯ ಮೇಲಿಟ್ಟ ನೀರು ಕಾಯುತ್ತದೋ ಇಲ್ಲವೋ ಎಂದು ಯಾರಾದರೂ ಬಗ್ಗಿ ನೋಡುತ್ತಾರೆಯೇ? ಹಾಗೆಯೇ ಇದೂ ಎಂದು ಅವಳಿಗೆ ಅಭ್ಯಾಸವಾಗಿಬಿಟ್ಟಿತ್ತು.

ಹತ್ತೂವರೆಗೆ ತಾಯಿಯನ್ನು ಮನೆಗೆ ಬಿಟ್ಟು ಕೋಣೆಗೆ ಬಂದು ಕಂಪ್ಯೂಟರ್ ತೆರೆದಳು. ಎಲಾದಿಯೊ ಸೆಕೇರಾನ ಹೆಸರಿನ ಪಕ್ಕ ಕೆಂಪಕ್ಷರದಲ್ಲಿ 'ಸಮಯ ತಪ್ಪಿದೆ' ಎಂದಿತ್ತು. ಪುಟ ತೆರೆದು ನೋಡಿದಳು. ಮೇಲೆ ನಿನ್ನೆಯ ಕಿತ್ತಳೆ ಧಾರಣೆಯೇ ಕೂತಿತ್ತು.

ಕೂಡಲೇ 'ಪ್ರಕಟಿಸು' ಒತ್ತಿದಳು. ಸುದ್ದಿ ಹೊರಬಿತ್ತು. ಆಮೇಲೆ ತಾಣದ ತಾಂತ್ರಿಕ ಕೆಲಸ ನೋಡಿಕೊಳ್ಳುವ ವಾಲ್ತೆರ್‌ಗೆ ಫೋನ್ ಮಾಡಿದಳು. ಅವನು ಸ್ವಲ್ಪ ಹೊತ್ತು ಕೆದಕಿ ಹೇಳಿದ: ತಾಣವಿರುವ ಸರ್ವರನ್ನು ಅದರ ಕಂಪನಿಯವರು ರಿಪೇರಿಗೆಂದು ಐದು ಐವತ್ತಾರಕ್ಕೆ ನಿಲ್ಲಿಸಿದ್ದರು, ಮತ್ತೆ ಎದ್ದದ್ದು ಆರು ಒಂಬತ್ತಕ್ಕೆ. ಮುಂಚೆಯೇ ಒಂದು ಮೇಲ್ ಕಳಿಸಿದ್ದರು, ನಾನು ನೋಡಿರಲಿಲ್ಲ ಎಂದ.

"ಎದ್ದ ಮೇಲಾದ್ರೂ ಹಾಕ್ಬೇಕಿತ್ತಲ್ಲ?"

"ನಾನು ಬರೆದಿಟ್ಟ ಪ್ರೋಗ್ರಾಂ ಹಾಗಿಲ್ಲ ಅಕ್ಕಾ. ನಿಮಿಷಕ್ಕೊಂದ್ಸಲ ಎದ್ದು, ಈ ನಿಮಿಷಕ್ಕೆ ಯಾವುದು ಹೊರಡ್ಬೇಕು ಅಂತ ನೋಡುತ್ತೆ, ಅಷ್ಟೇ. ಆರು ಗಂಟೆ ಸೊನ್ನೆ ನಿಮಿಷಕ್ಕೆ ನೋಡೋರೇ ಇರ್ಲಿಲ್ಲ. ಆರು ಒಂಬತ್ತಕ್ಕೆ ಎದ್ದಾಗ ಅದು ಹುಡುಕಿದ್ದು ಆರು ಒಂಬತ್ತರದ್ದನ್ನ. ಹಿಂದಕ್ಕೆ ತಿರುಗಿ ನೋಡೋದನ್ನ ನಾನು ಕಲಿಸಿರ್ಲಿಲ್ಲ."

ಅವನ ದನಿ ಸಣ್ಣಗಾಗಿತ್ತು. ನಿಲ್ದಾ ಬೈಯಲಿಲ್ಲ. ಫೋನ್ ಇಟ್ಟು ಪರದೆ ನೋಡಿದಳು. ಸುದ್ದಿಯ ತಲೆಯ ಮೇಲೆ 'ಬುಧವಾರ, ಬೆಳಗ್ಗೆ 6:00' ಎಂದು ಬಿದ್ದಿತ್ತು. ಗುಂಡಿ ಒತ್ತಿದ್ದು ಈಗ, ಆದರೂ ಪುಟ ಮೊದಲು ಇಟ್ಟ ಸಮಯವನ್ನೇ ತೋರಿಸುತ್ತಿತ್ತು. ಯಾರು ನೋಡಿದರೂ ಆರಕ್ಕೇ ಬಂದಿದೆ ಎಂದುಕೊಳ್ಳಬೇಕು. ತಿದ್ದಲು ಒಂದು ಕ್ಷಣ ಸಾಕು. ಅವಳು ತಿದ್ದಲಿಲ್ಲ. ಕೋಟು ತೊಟ್ಟು ಸ್ಮಶಾನಕ್ಕೆ ಓಡಿದಳು.

ಅಲ್ಲಿ ಎಲ್ಲ ಮುಗಿದಿತ್ತು. ಹೆಣ ಇಡಲೆಂದೇ ಕಟ್ಟಿದ ಗೋಡೆಯ ಗೂಡಿನೊಳಗೆ ಪೆಟ್ಟಿಗೆ ತಳ್ಳಿ ಗಾರೆಯವನು ಅದರ ಬಾಯಿ ಮುಚ್ಚುತ್ತಿದ್ದ. ನಿಂತವರು ಹನ್ನೊಂದೇ ಜನ. ಅರ್ಧ ಊರನ್ನು ನದಿ ದಾಟಿಸಿದವನಿಗೆ ಹನ್ನೊಂದು ಜನ. ಹೆಬರ್ ಗೋಡೆಗೆ ಹಣೆಯೊತ್ತಿ ನಿಂತಿದ್ದ. ದೆಲ್ಮಿರಾ ಗೇಟಿನ ಕಡೆಗೆ ಮುಖ ಮಾಡಿದ್ದಳು. ನಿಲ್ದಾ ಹೋಗಿ ಅಪ್ಪಿಕೊಂಡಾಗ ಮುದುಕಿ ಗಟ್ಟಿಯಾಗಿಯೇ ಹೇಳಿದಳು, ಎಲ್ಲರಿಗೂ ಕೇಳುವಂತೆ:

"ಓದಿರ್ತಾನೆ. ಬರ್ಲಿಲ್ಲ ನೋಡು. ಇವರು ಇದ್ದಾಗ ಅಂತಿದ್ದದ್ದೇ ನಿಜ. ನಾನು ಹುಚ್ಚಿ, ಹೆಸರು ಹಾಕಿಸ್ದೆ. ಇನ್ಮೇಲೆ ಆ ಹೆಸರು ನನ್ನ ಮನೇಲಿ ಯಾರೂ ಎತ್ಕೂಡ್ದು."

ಆಗ ಹೇಳಬೇಕಿತ್ತು. ನಾಲಿಗೆಯ ತುದಿವರೆಗೂ ಬಂದಿತ್ತು. ಆದರೆ ಎಲ್ಲರೂ ನೋಡುತ್ತಿದ್ದರು, ಗಾರೆಯವನೂ ಕರಣೆ ಹಿಡಿದು ನಿಂತಿದ್ದ. ನಿಲ್ದಾ ಮುದುಕಿಯ ಭುಜ ಸವರಿ, ತಲೆ ತಗ್ಗಿಸಿ ವಾಪಸು ಬಂದಳು. ದಾರಿಯುದ್ದಕ್ಕೂ ನಾಳೆ ಹೇಳಿದರಾಯಿತು, ಇವತ್ತೇ ಯಾಕೆ ನೋಯಿಸುವುದು ಎಂದು ತನಗೆ ತಾನೇ ಹೇಳಿಕೊಂಡಳು. ತಾನೇ ಅದನ್ನು ನಂಬಲಿಲ್ಲ.

ಮಧ್ಯಾಹ್ನ ಎರಡರ ಸುಮಾರಿಗೆ ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಬಾಗಿಲಲ್ಲಿ ಒಬ್ಬ ಮುದುಕ, ಕೈಯಲ್ಲಿ ಟೋಪಿ. ಹಳೆಯ ಕಪ್ಪು ಕೋಟಿನ ಗುಂಡಿ ಒಂದು ಮನೆ ತಪ್ಪಿ ಸಿಕ್ಕಿತ್ತು. ಮುಖ ನೋಡಿದೊಡನೆ ಯಾರೆಂದು ತಿಳಿಯಿತು. ಎಲಾದಿಯೊನದೇ ಮೂಗು, ಅದೇ ಅಗಲ ಹಣೆ.

ಅವನು ಕೂರಲಿಲ್ಲ. ಬೆಳಗ್ಗೆ ಆರಕ್ಕೆ ಪುಟ ತೆರೆಯಲು ಹೋದೆ, ತೆರೆಯಲಿಲ್ಲ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದೆ, ಎಲ್ಲ ನಿನ್ನೆಯದೇ ಇತ್ತು, ಗಿಡಕ್ಕೆ ನೀರು ಬಿಡಲು ಹೋದೆ, ಹನ್ನೊಂದೂವರೆಗೆ ಸುಮ್ಮನೆ ನೋಡಿದರೆ ಅಣ್ಣನ ಹೆಸರು, ಬೆಳಗ್ಗೆ ಆರು ಗಂಟೆ ಅಂತ ಇತ್ತು ಎಂದ. ಸಿಕ್ಕ ಲಾಂಚಿಗೆ ಹಾರಿ ಬಂದಿದ್ದ. ಗೂಡಿನ ಮುಂದೆ ನಿಂತು ಬಂದಿದ್ದ. ಗಾರೆ ಇನ್ನೂ ಹಸಿಯಾಗಿತ್ತಂತೆ.

"ಬೈಯೋಕೆ ಬಂದಿಲ್ಲ ಮಗಳೇ," ಎಂದ. "ಕೇಳ್ಕೊಂಡು ಹೋಗೋಣ ಅಂತ ಬಂದೆ. ಆರಕ್ಕೆ ಅದು ಪುಟದಲ್ಲಿ ಎಲ್ಲಿತ್ತು? ಬೆಳಗ್ಗೆ ನಾನು ಸರಿಯಾಗೇ ನೋಡ್ದೆ ಅಂದ್ಕೊಂಡಿದ್ದೀನಿ. ಎಡಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸ್ಕೋ ಅಂತ ಹೆಂಡ್ತಿ ಬಡ್ಕೊಂಡ್ಲು, ನಾನು ಕೇಳ್ಲಿಲ್ಲ. ನನ್ನ ಕಣ್ಣಿನ ದೆಸೆಯಿಂದ ಅಣ್ಣನ ಮುಖ ತಪ್ಪಿತಲ್ಲ ಅಂತ."

ನಿಲ್ದಾ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಮುದುಕ ಗಾಬರಿಯಾಗಿ ನೀರು ಹುಡುಕಿದ.

"ನಿಮ್ಮ ಕಣ್ಣು ಸರಿಯಾಗೇ ನೋಡಿದೆ ಅನಿಬಾಲ್ ಅವರೇ. ಬೆಳಗ್ಗೆ ಅದು ಅಲ್ಲಿ ಇರ್ಲೇ ಇಲ್ಲ. ಹಾಕಿದ್ದು ಹತ್ತೂ ಮುಕ್ಕಾಲಿಗೆ. ಆರು ಅಂತ ಇರೋದು ಸುಳ್ಳು. ಗೊತ್ತಿದ್ದೂ ಹಾಗೇ ಬಿಟ್ಟಿದ್ದೀನಿ."

ಅವನು ಟೋಪಿಯ ಅಂಚನ್ನು ಬೆರಳಲ್ಲಿ ತಿರುವುತ್ತಾ ನಿಂತ. ಆಮೇಲೆ, "ಅಮ್ಮ ಹೋದಾಗ್ಲೂ ನಂಗೆ ತಡವಾಗೇ ಗೊತ್ತಾಯ್ತು," ಎಂದ. "ಅದನ್ನ ಅವನಿಗೆ ನಂಬಿಸೋಕೆ ಆಗ್ಲೇ ಇಲ್ಲ. ಇನ್ನು ಯಾರಿಗೆ ನಂಬಿಸ್ಲಿ?"

ನಿಲ್ದಾ ಕಣ್ಣೊರೆಸಿಕೊಂಡು ಸಮಯವನ್ನು ತಿದ್ದಿದಳು. 'ಬೆಳಗ್ಗೆ 10:47'. ಕೆಳಗೆ ಎರಡು ಸಾಲು ಸೇರಿಸಿದಳು: ಈ ಸುದ್ದಿ ಆರಕ್ಕೆ ಬರಬೇಕಿತ್ತು, ಸರ್ವರ್ ನಿಂತಿದ್ದರಿಂದ ಬರಲಿಲ್ಲ, ಬಂತೇ ಎಂದು ನೋಡಬೇಕಾದವಳು ನಾನು ನೋಡಲಿಲ್ಲ, ಮಣ್ಣಿಗೆ ಬರಲಾಗದವರದು ತಪ್ಪಿಲ್ಲ. ತನ್ನ ಹೆಸರು ಹಾಕಿದಳು. ಮುದುಕನಿಗೆ ಓದಿ ಹೇಳಿದಳು. ಅವನಿಗೆ ಬೇಕಿದ್ದುದು ಬೇರೆಯೇ.

"ಮೇಲಿಂದು ಓದು. ನನ್ನ ಹೆಸರಿರೋದು."

ಓದಿದಳು. ಹೆಂಡತಿ ದೆಲ್ಮಿರಾ, ಮಗ ಹೆಬರ್, ಸೊಸೆ, ಮೊಮ್ಮಕ್ಕಳು, ತಮ್ಮ ಅನಿಬಾಲ್.

"ಅವನೇ ಹೇಳಿದ್ನಾ, ಹಾಕು ಅಂತ? ಸಾಯೋ ಮುಂಚೆ?"

ಹೌದು ಎಂದಿದ್ದರೆ ಅವನಿಗೊಂದಿಷ್ಟು ನೆಮ್ಮದಿ. ಆದರೆ ಅವತ್ತು ಇನ್ನೊಂದು ಸುಳ್ಳಿಗೆ ನಿಲ್ದಾಳಲ್ಲಿ ಜಾಗವಿರಲಿಲ್ಲ. "ನಿಮ್ಮ ಅತ್ತಿಗೆ ಹೇಳಿದ್ದು," ಎಂದಳು. ಅವನು ಮೆಲ್ಲಗೆ ತಲೆಯಾಡಿಸಿದ.

ಇಬ್ಬರೂ ದೆಲ್ಮಿರಾಳ ಮನೆಗೆ ನಡೆದರು. ಹೆಬರ್ ಬಾಗಿಲು ತೆಗೆದು ಚಿಕ್ಕಪ್ಪನನ್ನು ನೋಡಿ ಕದ ಅರ್ಧ ಹಿಡಿದೇ ನಿಂತ. ಒಳಗಿನಿಂದ ದೆಲ್ಮಿರಾ ಬಂದಳು. ನಿಲ್ದಾ ಹೊಸ್ತಿಲಲ್ಲೇ ನಿಂತು, ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಸ್ಮಶಾನದಲ್ಲಿ ಬಾಯಿ ಮುಚ್ಚಿಕೊಂಡಿದ್ದನ್ನೂ ಹೇಳಿದಳು. ದೆಲ್ಮಿರಾ ಕೇಳಿಸಿಕೊಂಡಳು. ಅವಳ ಮುಖ ಹಿಂಡಿದ ಬಟ್ಟೆಯಂತಾಯಿತು.

"ಅಷ್ಟು ಜನರ ಮುಂದೆ ನನ್ನ ಬಾಯಲ್ಲಿ ಆ ಮಾತು ಬಂತಲ್ಲ," ಎಂದಳು ಮುದುಕಿ. "ಅವರ ತಲೆ ಪಕ್ಕದಲ್ಲೇ ನಿಂತು ಅಂದೆ. ನೀನು ಕೇಳ್ತಾ ನಿಂತಿದ್ದೆ."

"ಹೌದಮ್ಮಾ."

"ಒಂದು ಮಾತು ಹೇಳಿದ್ರೆ ಆಗ್ತಿತ್ತು. ಗಾರೆ ಇನ್ನೂ ಪೂರ್ತಿ ಹಾಕಿರ್ಲಿಲ್ಲ. ಕಾಯಬಹುದಿತ್ತು."

ನಿಲ್ದಾ ಅದನ್ನು ಯೋಚಿಸಿಯೇ ಇರಲಿಲ್ಲ. ಹೌದು, ಕಾಯಬಹುದಿತ್ತು. ಸರ್ವರ್ ತಿಂದದ್ದು ಒಂದು ಅವಕಾಶವಾದರೆ, ತನ್ನ ಮೌನ ತಿಂದದ್ದು ಇನ್ನೊಂದು.

ದೆಲ್ಮಿರಾ ಅವಳನ್ನು ದಾಟಿ ಮೈದುನನನ್ನು ನೋಡಿದಳು. ಅವನ ಕೋಟಿನ ಹತ್ತಿರ ಬಂದು, ತಪ್ಪಾಗಿ ಸಿಕ್ಕಿಸಿದ್ದ ಗುಂಡಿಗಳನ್ನು ಒಂದೊಂದಾಗಿ ಬಿಡಿಸಿ ಸರಿಯಾದ ಮನೆಗೆ ಹಾಕಿದಳು. ಅವನು ಮಗುವಿನಂತೆ ಕತ್ತೆತ್ತಿ ನಿಂತಿದ್ದ.

"ಊಟ ಆಗಿರಲ್ಲ ನಿಂಗೆ. ಒಳಗೆ ಬಾ," ಎಂದಳು.

ಅವನು ಒಳಗೆ ಹೋದ. ಹೆಬರ್ ಹಿಂದೆಯೇ ಹೋದ. ದೆಲ್ಮಿರಾ ಬಾಗಿಲು ಹಾಕುವ ಮುಂಚೆ ನಿಲ್ದಾಳತ್ತ ತಿರುಗಿ, ಕೋಪವಿಲ್ಲದ, ದಣಿದ ದನಿಯಲ್ಲಿ, "ನೀನು ಮನೆಗೆ ಹೋಗು, ನಿನ್ನಮ್ಮ ಒಬ್ಬಳೇ ಇರ್ತಾಳೆ," ಎಂದಳು.

ನಿಲ್ದಾ ನದಿಯ ದಡದ ದಾರಿ ಹಿಡಿದು ಹೊರಟಳು. ಅರ್ಧ ದಾರಿಯಲ್ಲಿ ವಾಲ್ತೆರ್ ಫೋನ್ ಮಾಡಿ, ಪ್ರೋಗ್ರಾಂ ತಿದ್ದಿದ್ದೇನೆ, ಇನ್ನು ಮುಂದೆ ಎದ್ದ ಕೂಡಲೇ ಸಮಯ ಮೀರಿದ್ದನ್ನೆಲ್ಲ ಹುಡುಕಿ ಹಾಕುತ್ತದೆ ಎಂದ. ಒಳ್ಳೆಯದಾಯಿತು ಎಂದಳು. ಆಚೆ ದಡಕ್ಕೆ ಹೊರಟ ಸಂಜೆಯ ಲಾಂಚು ಕೂಗಿತು. ಅದರಲ್ಲಿ ಮುದುಕನಿರಲಿಲ್ಲ. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದು, ಆಮೇಲೆ ತಾಯಿಯ ಮಾತ್ರೆ ಕೊಳ್ಳಲು ಔಷಧಿ ಅಂಗಡಿಯ ಕಡೆ ತಿರುಗಿದಳು.