ಫೆರಿಟಿನ್ ಎಂಟು

ಹಳೇಬೀಡಿನ ಶಾಲೆಯಲ್ಲಿ ಆಟ ಕಲಿಸುವ ಸಿದ್ಧಿಗೆ ಈಚೆಗೆ ನಾಲ್ಕು ಹೆಜ್ಜೆ ಓಡಿದರೂ ಕಾಲು ಸೋಲುತ್ತಿತ್ತು. ವರ್ಷಕ್ಕೊಮ್ಮೆ ಮಾಡಿಸುವ ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲ ಸರಿಯಿದ್ದವು. "ಎಲ್ಲ ನಿನ್ನ ಭ್ರಮೆ ಕಣೇ," ಎಂದು ಗಂಡ ವಿಮಲ್ ನಕ್ಕುಬಿಟ್ಟಿದ್ದ. ಮೈಯಲ್ಲಿನ ಕಬ್ಬಿಣದ ಸಂಗ್ರಹ ತಿಳಿಸುವ ಫೆರಿಟಿನ್ ಪರೀಕ್ಷೆಯ ವರದಿ ಮಾತ್ರ ಬೆಂಗಳೂರಿನಿಂದ ಬರಬೇಕಿತ್ತು. ಅದು ಬಂದ ದಿನ ಅರಸೀಕೆರೆಯ ನರ್ಸಿಂಗ್ ಹೋಮಿನಲ್ಲಿ ಸಿದ್ಧಿ ಕೂತಲ್ಲಿ ಕೂರಲಾರದೆ ಬಾಗಿಲಿಗೂ ಬೆಂಚಿಗೂ ಓಡಾಡಿದಳು. ಇದೂ ಸರಿಯಿದ್ದರೆ ಗಂಡನಿಗೆ ಏನು ಹೇಳುವುದು?

"ಫೆರಿಟಿನ್ ಎಂಟೇ ಇದೆಯಲ್ಲಮ್ಮ, ಮೂವತ್ತಾದರೂ ಇರಬೇಕಿತ್ತು!" ಎಂದರು ಡಾಕ್ಟರಮ್ಮ. "ಹಿಮೋಗ್ಲೋಬಿನ್ ಇನ್ನೂ ಇಳಿದಿಲ್ಲ, ಆದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಖಾಲಿಯಾಗಿದೆ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಾ?"

ಸಿದ್ಧಿ ಹೂಂ ಎಂದಳು. ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಅದಕ್ಕೂ ಔಷಧಿ ನೋಡೋಣ. ಈ ಕಬ್ಬಿಣದ ಮಾತ್ರೆ ಕಾಫಿ ಜೊತೆ ತಗೋಬೇಡಿ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ."

ಹೊರಗೆ ಕಾದಿದ್ದ ವಿಮಲ್ ವರದಿ ಓದಿ, "ನಾನು ನಂಬಬೇಕಿತ್ತು," ಎಂದ. ಸಿದ್ಧಿ ವರದಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ಚೀಲದಲ್ಲಿಟ್ಟಳು. ಕಾಯಿಲೆ ಏನೆಂದು ಗೊತ್ತಾಗಿದ್ದಕ್ಕೇ ಅವಳಿಗೆ ಅಷ್ಟು ಸಮಾಧಾನವಾಗಿತ್ತು.